ಮೈನಸ್ ನೂರ ಅರವತ್ತು

ಮುನ್ನೂರ ಹನ್ನೆರಡು ಉತ್ತರಪತ್ರಿಕೆ ತಿದ್ದಿದ ಕೂಲಿ ಆಕೆಗೆ ಇನ್ನೂ ಬರಬೇಕು. ಮೂರು ವರ್ಷವಾಯಿತು. ಬಿಲ್ಲಿನ ಮೇಲೆ 'ತಡೆಹಿಡಿಯಲಾಗಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದು ಕಡತಕ್ಕೆ ಸೇರಿಸಿದ್ದಾರೆ. ಆಕೆ ಪರೀಕ್ಷಾ ಮಂಡಳಿಗೆ ಆರು ಅರ್ಜಿ ಬರೆದಿದ್ದಾಳೆ, ಒಂದರಲ್ಲೂ ಆ ಕೂಲಿಯ ಮಾತಿಲ್ಲ. ಆರರಲ್ಲೂ ಕೇಳಿರುವುದು ಒಂದೇ: ನಾನು ಮೊದಲ ಮೂರು ದಿನ ತಿದ್ದಿದ ಬಂಡಲ್‌ಗಳನ್ನು ಬಿಚ್ಚಿ.

ಪಾಲಿಟೆಕ್ನಿಕ್‌ನಲ್ಲಿ ಹುಡುಗರು ಆಕೆಯನ್ನು ಪಂಪ್ ಮೇಡಂ ಅನ್ನುತ್ತಿದ್ದರು. ಮೆಕ್ಯಾನಿಕಲ್ ವಿಭಾಗದಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುತ್ತಿದ್ದ ಅತಿಥಿ ಉಪನ್ಯಾಸಕಿ. ಅತಿಥಿ ಅಂದರೆ ಗಂಟೆ ಲೆಕ್ಕದ ಕೂಲಿ. ಪ್ರತಿ ಸೆಮಿಸ್ಟರಿಗೂ ಹೊಸ ಆದೇಶ ಬರಬೇಕು, ಬರದಿದ್ದರೆ ಮನೆಗೆ. ಹನ್ನೊಂದು ವರ್ಷ ಹೀಗೆ ಅತಿಥಿಯಾಗಿಯೇ ಇದ್ದವಳು. ಅಪ್ಪನಿಗೆ ಸೈಕಲ್ ಪಂಕ್ಚರ್ ಅಂಗಡಿ ಇತ್ತು, ಈಗ ಅಣ್ಣ ನೋಡಿಕೊಳ್ಳುತ್ತಾನೆ. ಮದುವೆ ಆಗಲಿಲ್ಲ. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇರುತ್ತಾಳೆ. ಮೊದಲ ಪಾಠದ ದಿನ ಆ ಅಂಗಡಿಯಿಂದ ಒಂದು ಕೈಪಂಪು ತಂದು ಮೇಜಿನ ಮೇಲೆ ಇಡುವುದು ಆಕೆಯ ರೂಢಿ. ಪುಸ್ತಕ ಆಮೇಲೆ.

ಒಬ್ಬ ಹುಡುಗನನ್ನು ಕರೆದು, ಪಂಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿದು ಇಪ್ಪತ್ತು ಸಲ ಹೊಡಿ ಅನ್ನುವಳು. ಹೊಡೆದ ಮೇಲೆ ಕೊಳವೆಯ ತಳ ಮುಟ್ಟಿ ನೋಡು ಅನ್ನುವಳು. ಬಿಸಿ. ಇಷ್ಟೇ ಕಣ್ರೋ ಈ ಸೆಮಿಸ್ಟರಿನ ಅರ್ಧ ಪಾಠ, ಅನ್ನುತ್ತಿದ್ದಳು. ಗಾಳಿಯನ್ನು ನೀನು ಅದುಮಿದೆ. ನಿನ್ನ ತೋಳಿನ ಕೆಲಸ ಗಾಳಿಯ ಒಳಗೆ ಹೋಯಿತು. ಒಳಗೆ ಹೋದದ್ದು ಕೂಡಬೇಕು, ಹೊರಗೆ ಬಂದದ್ದು ಕಳೆಯಬೇಕು. ಸೂತ್ರದಲ್ಲಿ ಉಷ್ಣದಿಂದ ಕೆಲಸ ಕಳೆ ಅಂತ ಬರೆದಿರುತ್ತಾರೆ, ಅದು ಗಾಳಿ ತಾನೇ ಹಿಗ್ಗಿ ಮಾಡಿದ ಕೆಲಸ. ಗಾಳಿಯ ಮೇಲೆ ನೀನು ಕೆಲಸ ಮಾಡಿದ್ದರೆ ಅದೇ ಸೂತ್ರಕ್ಕೆ ಆ ಕೆಲಸವನ್ನು ಮೈನಸ್ ಹಾಕಿ ಕೊಡಬೇಕು. ಮೈನಸ್ಸಿನ ಮೈನಸ್ ಪ್ಲಸ್ ಆಗುತ್ತದೆ. ಸೂತ್ರ ಮರೆತರೂ ಪರವಾಗಿಲ್ಲ, ಬೆರಳು ಸುಟ್ಟದ್ದು ಮರೆಯಬೇಡ.

ಈ ಮಾತು ಹೇಳಿಕೊಟ್ಟವಳೇ ಮೂರು ದಿನ ತಪ್ಪು ತಿದ್ದಿದಳು. ಅದನ್ನು ಮುಚ್ಚಿಟ್ಟು ಆಕೆಯ ಕತೆ ಹೇಳುವುದು ಸಾಧ್ಯವಿಲ್ಲ, ಆಕೆಯೂ ಮುಚ್ಚಿಡಲಿಲ್ಲ.

ಮೌಲ್ಯಮಾಪನ ನಡೆದದ್ದು ಮಂಡಳಿಯ ಕಟ್ಟಡದ ಎರಡನೇ ಮಹಡಿಯಲ್ಲಿ. ಉದ್ದನೆಯ ಹಾಲು, ಮೂರು ಸಾಲು ಮೇಜು, ಮೂರು ಫ್ಯಾನಿನಲ್ಲಿ ಒಂದು ತಿರುಗುತ್ತಿರಲಿಲ್ಲ. ಥರ್ಮೋಡೈನಮಿಕ್ಸ್‌ಗೆ ಹದಿನಾಲ್ಕು ಜನ. ದಿನಕ್ಕೆ ಮೂವತ್ತೈದು ಪತ್ರಿಕೆ. ಎಡಗೈಯಲ್ಲಿ ಸ್ಕೀಮು, ಅಂದರೆ ಮಂಡಳಿ ಕೊಟ್ಟ ಮಾದರಿ ಉತ್ತರ. ಬಲಗೈಯಲ್ಲಿ ಕೆಂಪು ಪೆನ್ನು. ಕಣ್ಣು ನೋಡುವುದು ಉತ್ತರದ ಕೊನೆಯ ಸಾಲು ಮಾತ್ರ. ಹೊಂದಿದರೆ ಟಿಕ್, ಹೊಂದದಿದ್ದರೆ ಅಡ್ಡಗೆರೆ, ಸೂತ್ರ ಬರೆದದ್ದಕ್ಕೆ ಎರಡು ಅಂಕ ಎಸೆದು ಮುಂದೆ. ಹೀಗೆ ತಿದ್ದಬಾರದು ಎಂದು ಯಾರೂ ಹೇಳುವುದಿಲ್ಲ, ಹೇಳಿದವರು ಸಂಜೆಯೊಳಗೆ ಮೂವತ್ತೈದು ಮುಗಿಸುವುದೂ ಇಲ್ಲ.

ಆರನೇ ಪ್ರಶ್ನೆ ಏಳು ಅಂಕದ್ದು. ಕೊಠಡಿಯ ಉಷ್ಣತೆಯಲ್ಲಿರುವ ಅರ್ಧ ಕಿಲೋ ಗಾಳಿಯನ್ನು ಸಿಲಿಂಡರಿನಲ್ಲಿ ಅದುಮುತ್ತಾರೆ. ಗಾಳಿಯ ಮೇಲೆ ಆದ ಕೆಲಸ ನೂರ ಇಪ್ಪತ್ತು ಕಿಲೋಜೌಲ್. ಅಷ್ಟರಲ್ಲಿ ನಲವತ್ತು ಕಿಲೋಜೌಲ್ ಉಷ್ಣ ಗೋಡೆಯಿಂದ ಹೊರಗೆ ಹೋಗುತ್ತದೆ. ಆಂತರಿಕ ಶಕ್ತಿಯ ಬದಲಾವಣೆ ಎಷ್ಟು, ಉಷ್ಣತೆಯ ಬದಲಾವಣೆ ಎಷ್ಟು? ನೂರ ಇಪ್ಪತ್ತು ಒಳಗೆ, ನಲವತ್ತು ಹೊರಗೆ; ಎಂಬತ್ತು ಹೆಚ್ಚಬೇಕು. ಸ್ಕೀಮಿನಲ್ಲಿ ಅಚ್ಚಾಗಿದ್ದದ್ದು ಮೈನಸ್ ನೂರ ಅರವತ್ತು. ಹೊರಗೆ ಹೋದ ಉಷ್ಣಕ್ಕೆ ಮೈನಸ್ ಹಾಕಿದ್ದರು. ಒಳಗೆ ಬಂದ ಕೆಲಸವನ್ನು ಹಾಗೇ ಸೂತ್ರಕ್ಕೆ ತುರುಕಿ ಅದನ್ನೂ ಕಳೆದುಬಿಟ್ಟಿದ್ದರು.

ನಾಲ್ಕನೇ ದಿನ ಬೆಳಗ್ಗೆ ಆಕೆಯ ಕೈಗೆ ಒಂದು ಪತ್ರಿಕೆ ಬಂತು. ಒಂದರಿಂದ ಐದರವರೆಗೆ ತಿದ್ದಲು ಏನೂ ಇರಲಿಲ್ಲ, ಅಷ್ಟು ಚೊಕ್ಕ. ಆರನೆಯದರಲ್ಲಿ ಎಂಬತ್ತು ಎಂದಿತ್ತು. ಕೆಂಪು ಪೆನ್ನು ಅಡ್ಡಗೆರೆಗೆ ಇಳಿದದ್ದು ಅರ್ಧದಲ್ಲೇ ನಿಂತಿತು. ಇಷ್ಟು ಚೆನ್ನಾಗಿ ಬರೆದವರು ಇಲ್ಲಿ ಯಾಕೆ ಎಡವಿದರು ಎಂದು ಸ್ಕೀಮಿನ ಹಿಂಬದಿಯಲ್ಲಿ ತಾನೇ ಲೆಕ್ಕ ಹಾಕಿದಳು. ಎಂಬತ್ತು ಬಂತು. ಇನ್ನೊಂದು ಸಲ ಹಾಕಿದಳು. ಎಂಬತ್ತೇ.

ಹಿಂದಿನ ಮೂರು ದಿನ ತಿದ್ದಿದ ನೂರ ನಾಲ್ಕು ಪತ್ರಿಕೆ ಮೊಹರಾಗಿ ಕೆಳಗಿನ ಭದ್ರ ಕೊಠಡಿಗೆ ಹೋಗಿದ್ದವು. ಅದರಲ್ಲಿ ಎಷ್ಟು ಎಂಬತ್ತುಗಳನ್ನು ಹೊಡೆದುಹಾಕಿದ್ದಳೋ ನೆನಪಿರಲಿಲ್ಲ. ಒಂದು ಮಾತ್ರ ನೆನಪಿತ್ತು. ಪಾಸಾಗಲು ನಲವತ್ತು ಬೇಕು. ಆ ಪತ್ರಿಕೆ ಮೂವತ್ತಾರಕ್ಕೆ ನಿಂತಿತ್ತು. ನಾಲ್ಕು ಅಂಕಕ್ಕೆ ಒಂದು ಮಗು ವರ್ಷ ಕಳೆದುಕೊಳ್ಳಬಾರದು ಎಂದು ಆಕೆ ಇಡೀ ಪತ್ರಿಕೆಯನ್ನು ಎರಡು ಸಲ ತಿರುವಿ ಹಾಕಿದ್ದಳು. ಅರ್ಧ ಅಂಕಕ್ಕೂ ಕೆದಕಿದ್ದಳು. ಸಿಕ್ಕಿರಲಿಲ್ಲ. ಆರನೇ ಉತ್ತರದ ಪಕ್ಕ ಆ ಮಗು ಸಿಲಿಂಡರಿನ ಚಿತ್ರ ಬರೆದು, ಒಳಮುಖವಾಗಿ ಒಂದು ದಪ್ಪ ಬಾಣ ಹಾಕಿ 120 ಎಂದೂ, ಹೊರಮುಖವಾಗಿ ಒಂದು ಸಣ್ಣ ಬಾಣ ಹಾಕಿ 40 ಎಂದೂ ಬರೆದಿತ್ತು. ಆ ಚಿತ್ರದ ಮೇಲೆಯೇ ಆಕೆ ಅಡ್ಡಗೆರೆ ಎಳೆದಿದ್ದಳು. ಬೇಕಾದ ನಾಲ್ಕಕ್ಕೆ ಐದು ಅಂಕ ಆಕೆಯದೇ ಗೆರೆಯ ಕೆಳಗೆ ಬಿದ್ದಿದ್ದವು.

ಎದ್ದು ಚೀಫ್ ಹತ್ತಿರ ಹೋದಳು. ಚೀಫ್ ಅಂದರೆ ಮುಖ್ಯ ಮೌಲ್ಯಮಾಪಕರು; ಸ್ಕೀಮು ಬರೆದವರೂ ಅವರೇ. ಇಪ್ಪತ್ತು ವರ್ಷದ ಹಿಂದೆ ಆಕೆಗೆ ಪಾಠ ಹೇಳಿದ ಮೇಷ್ಟ್ರು. ನಿವೃತ್ತಿಗೆ ಎರಡು ತಿಂಗಳಿತ್ತು. ಕನ್ನಡಕ ಹಣೆಗೆ ಏರಿಸಿ ಸ್ಕೀಮು ನೋಡಿದರು, ಮತ್ತೆ ಕೆಳಗಿಳಿಸಿ ನೋಡಿದರು. ಸೂತ್ರ ಸರಿಯಾಗಿದೆಯಲ್ಲಮ್ಮ ಎಂದರು. ಆಕೆ ಹೇಳಿದಳು: ಸರ್, ಕೊಠಡಿಯ ಉಷ್ಣತೆ ಮುನ್ನೂರು ಕೆಲ್ವಿನ್. ನೀವು ಬರೆದ ಹಾಗೆ ಲೆಕ್ಕ ಹಾಕಿದರೆ ನಾನೂರ ನಲವತ್ತನಾಲ್ಕು ಕೆಲ್ವಿನ್ ಇಳಿಯುತ್ತದೆ. ಮುನ್ನೂರರಲ್ಲಿ ನಾನೂರ ನಲವತ್ತನಾಲ್ಕು ಕಳೆದರೆ ಸೊನ್ನೆ ಕೆಲ್ವಿನ್‌ಗಿಂತ ಕೆಳಗೆ ಹೋಗುತ್ತದೆ. ಅಂಥ ಚಳಿ ಈ ಲೋಕದಲ್ಲಿ ಇಲ್ಲ ಸರ್.

ಅವರು ಸ್ಕೀಮನ್ನು ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು. ಇದು ಎಂಟು ವರ್ಷದ ಹಿಂದಿನ ಪ್ರಶ್ನೆ. ಆಗ ಎಂಜಿನ್ನಿನ ಒಳಗಿನ ಕಾದ ಅನಿಲ. ಹಿಗ್ಗಿ ತಾನೇ ನೂರ ಇಪ್ಪತ್ತು ಕೆಲಸ ಮಾಡಿ, ನಲವತ್ತು ಉಷ್ಣವನ್ನೂ ಕಳೆದುಕೊಳ್ಳುತ್ತಿತ್ತು. ಅದಕ್ಕೆ ಮೈನಸ್ ನೂರ ಅರವತ್ತು ಸರಿಯಾದ ಉತ್ತರ. ಹಳೆಯದನ್ನೇ ಕೊಟ್ಟರು ಅಂತ ಹುಡುಗರು ಬೊಬ್ಬೆ ಹೊಡೆಯಬಾರದಲ್ಲ, ಕಾದ ಅನಿಲ ತೆಗೆದು ಕೊಠಡಿಯ ಗಾಳಿ ಮಾಡಿದೆ, ಹಿಗ್ಗುವುದನ್ನು ಅದುಮುವುದು ಮಾಡಿದೆ. ಹೊಸ ಪ್ರಶ್ನೆ ಆಯಿತು. ಉತ್ತರ ಹಳೆಯದೇ ಉಳಿಯಿತು. ಪ್ರಶ್ನೆಪತ್ರಿಕೆ ಮಾಡುವ ಎಲ್ಲರೂ ಹೀಗೇ ಮಾಡುತ್ತಾರೆ. ನಾನು ಒಬ್ಬನೇ ಅಲ್ಲ, ಎಂದರು. ಅದು ನಿಜವೂ ಹೌದು.

ಊಟದ ಹೊತ್ತಿಗೆ ಸುದ್ದಿ ಹಾಲಿನ ತುಂಬ ಹರಡಿತ್ತು. ಹದಿನಾಲ್ಕರಲ್ಲಿ ಐವರು ಸ್ಕೀಮೇ ಸರಿ ಎಂದು ಪಟ್ಟು ಹಿಡಿದರು. ರಸಾಯನಶಾಸ್ತ್ರದವರ ಸೂತ್ರದಲ್ಲಿ ಪ್ಲಸ್ ಇರುತ್ತದೆ, ನಮ್ಮದರಲ್ಲಿ ಮೈನಸ್, ಅದಕ್ಕೇ ಉತ್ತರ ಬೇರೆ ಬರುತ್ತದೆ ಎಂದು ಒಬ್ಬ ಖಾಸಗಿ ಕಾಲೇಜಿನವನು ದೊಡ್ಡ ಗಂಟಲಲ್ಲಿ ಬೋಧಿಸಿದ. ಸೂತ್ರ ಬೇರೆ ಇರಬಹುದು, ಅವರು ಗಾಳಿಯ ಮೇಲೆ ಆದದ್ದನ್ನು ಎಣಿಸುತ್ತಾರೆ, ನಾವು ಗಾಳಿ ಮಾಡಿದ್ದನ್ನು ಎಣಿಸುತ್ತೇವೆ. ಗಾಳಿಗೆ ನಮ್ಮ ಸಿಲಬಸ್ ಗೊತ್ತಿಲ್ಲ, ಎರಡರಲ್ಲೂ ಎಂಬತ್ತೇ ಬರಬೇಕು, ಎಂದು ಆಕೆ ಹೇಳಿದಳು. ಅವನು ನಕ್ಕ. ಆಕೆ ಕೆಳಗಿಳಿದು ಕಾವಲುಗಾರನ ಸೈಕಲ್ಲಿನಿಂದ ಪಂಪು ಕಿತ್ತು ತಂದಳು.

"ನೋಡ್ರಪ್ಪ, ಮೇಡಂ ಅಪ್ಪನ ಅಂಗಡಿ ಇಲ್ಲೇ ತೆರೆದ್ರು," ಎಂದ ಅವನು. ಎಲ್ಲರೂ ನಕ್ಕರು.

"ಅಂಗಡೀನೇ ಸರಿ. ಬನ್ನಿ, ಹೆಬ್ಬೆಟ್ಟು ಒತ್ತಿ," ಎಂದಳು.

ಒತ್ತಿದ. ಹೊಡೆದ. ತಳ ಮುಟ್ಟಿ, ಇದು ಉಜ್ಜಿದ ಬಿಸಿ ಎಂದ. ಹೆಬ್ಬೆರಳು ತೆಗೆದು ಅಷ್ಟೇ ಸಲ ಹೊಡೆಯಿರಿ ಎಂದಳು. ಪಂಪು ತಣಿಯುವವರೆಗೆ ಕಾದು ಹೊಡೆದ. ಉಜ್ಜುವುದು ಆಗಲೂ ಇತ್ತು; ತಳ ಬೆಚ್ಚಗಾದದ್ದು ಅಷ್ಟಕ್ಕಷ್ಟೇ. ಅವನು ಪಂಪನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡು, ಆಯ್ತು ಬಿಡಿ ಮೇಡಂ, ಊಟ ಆರ್ತಿದೆ ಎಂದ. ಆಮೇಲೆ ಸ್ಕೀಮು ಸರಿ ಎಂದು ಯಾರೂ ಹೇಳಲಿಲ್ಲ. ತಪ್ಪು ಎಂದೂ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಚೀಫ್ ಬಂದು ಮೇಜಿನಿಂದ ಮೇಜಿಗೆ ಬಗ್ಗಿ ಪಿಸುಗುಟ್ಟಿದರು: ಇನ್ನು ಮುಂದೆ ಎಂಬತ್ತು ಬರೆದವರಿಗೂ ಪೂರ್ತಿ ಕೊಡಿ, ಮೈನಸ್ ನೂರ ಅರವತ್ತು ಬರೆದವರಿಗೂ ಪೂರ್ತಿ ಕೊಡಿ. ಬರಹದಲ್ಲಿ ಏನೂ ಇಲ್ಲ. ಅಂದರೆ ಗಾಳಿ ಕಾಯುತ್ತದೆ ಅಂದವನಿಗೂ ಏಳು, ಲೋಕದಲ್ಲಿಲ್ಲದ ಚಳಿಗೆ ಇಳಿಯುತ್ತದೆ ಅಂದವನಿಗೂ ಏಳು. ಆಕೆ ಅದನ್ನೂ ನುಂಗಿದಳು. ಯಾರಿಗೂ ನಷ್ಟವಿಲ್ಲವಲ್ಲ ಎಂದುಕೊಂಡಳು. ಆದರೆ ಮೊದಲ ಮೂರು ದಿನದ್ದು?

"ಸರ್, ಮೊಹರಾದ ಬಂಡಲ್?"

"ಅದು ಹೋಯ್ತಲ್ಲಮ್ಮ. ಈಗ ಬಿಚ್ಚಬೇಕಂದ್ರೆ ಕಾರಣ ಬರೀಬೇಕು. ಏನಂತ ಬರೀಲಿ? ನನ್ ಸ್ಕೀಮು ತಪ್ಪು ಅಂತಲಾ?"

"ಹೌದು ಸರ್."

"ಎರಡು ತಿಂಗಳಿದೆ ನಂಗೆ. ನೀನೇ ಹೇಳು, ನಾನು ನಿಂಗೆ ಏನು ಕೇಡು ಮಾಡಿದ್ದೆ?"

ಅವರು ಆಕೆಗೆ ಕೇಡು ಮಾಡಿದವರಲ್ಲ. ಓದುವಾಗ ಪುಸ್ತಕ ಕೊಟ್ಟವರು, ಗಂಟೆ ಲೆಕ್ಕದ ಈ ಕೆಲಸಕ್ಕೆ ಹೆಸರು ಹೇಳಿದವರೂ ಅವರೇ. ಆ ಋಣದ ಮಾತನ್ನು ಅವರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಆಕೆ ಹಿಂದಿರುಗಿ ಬಂದು ಕೂತು ಆರು ದಿನದಲ್ಲಿ ಉಳಿದ ಇನ್ನೂರ ಎಂಟು ಪತ್ರಿಕೆಯನ್ನೂ ತಿದ್ದಿ ಮುಗಿಸಿದಳು. ತಿದ್ದುತ್ತಲೇ ಎಂಬತ್ತು ಬರೆದವರನ್ನು ಎಣಿಸಿದಳು. ಅರವತ್ತೊಂದು ಜನ. ಇದೇ ಪಾಲಿನಲ್ಲಿ ಹಿಡಿದರೆ ಮೊಹರಾದ ನೂರ ನಾಲ್ಕರಲ್ಲಿ ಮೂವತ್ತು ಜನರ ಸರಿ ಉತ್ತರವನ್ನು ತಾನು ಹೊಡೆದುಹಾಕಿದ್ದೇನೆ ಎಂದು ಲೆಕ್ಕ ಹಾಕಿದಳು. ಉಳಿದ ಹದಿಮೂರು ಜನರೂ ಹಾಗೇ ಹೊಡೆದಿದ್ದರೆ ಎಲ್ಲರದೂ ಸೇರಿ ನಾನೂರಕ್ಕೂ ಹೆಚ್ಚು.

ಹದಿಮೂರು ಜನರನ್ನೂ ಒಬ್ಬೊಬ್ಬರಾಗಿ ಕೇಳಿದಳು. ಒಟ್ಟಾಗಿ ಒಂದು ಪತ್ರ ಬರೆದು ಸಹಿ ಹಾಕೋಣ, ಹದಿನಾಲ್ಕು ಸಹಿ ಇದ್ದರೆ ಯಾರನ್ನೂ ಮುಟ್ಟಲು ಆಗುವುದಿಲ್ಲ ಎಂದಳು. ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಬಡ್ತಿಯ ಕಡತ, ಒಬ್ಬರಿಗೆ ಹೆಂಡತಿಯನ್ನು ಕೇಳಬೇಕು. ಆ ಪಂಪು ಹೊಡೆದವನು ಮಾತ್ರ ನೇರವಾಗಿ ಹೇಳಿದ, ಮೇಡಂ, ನಾನೂ ಮೂರು ದಿನ ಅಡ್ಡಗೆರೆ ಹೊಡೆದಿದ್ದೀನಿ, ಆದರೆ ಅದನ್ನು ನನ್ನ ಕೈಯಾರೆ ಬರೆದುಕೊಡೋಷ್ಟು ದಡ್ಡ ಅಲ್ಲ. ಅವನ ಬಗ್ಗೆ, ಇದನ್ನು ಬರೆಯುತ್ತಿರುವ ನನಗೆ, ಕೋಪವಿಲ್ಲ. ಉಪನ್ಯಾಸಕರ ಸಂಘದ ಗೇಟ್ ಸಭೆಗಳಲ್ಲಿ ಮುಷ್ಟಿ ಎತ್ತಿ ಗಂಟಲು ಹರಿದುಕೊಂಡವರೇ ಆ ದಿನ ಸಹಿ ಎಂದೊಡನೆ ಶೌಚಾಲಯದ ಕಡೆ ನಡೆದರು, ಕೋಪ ಅವರ ಮೇಲೆ.

ಮನೆಯಲ್ಲಿ ಅಣ್ಣ ಟ್ಯೂಬಿಗೆ ತೇಪೆ ಹಾಕುತ್ತ ಎಲ್ಲ ಕೇಳಿಸಿಕೊಂಡ. ಆಮೇಲೆ, "ನಿನ್ ತಪ್ಪನ್ನ ನೀನೇ ಬರೆದು ಕೊಟ್ರೆ ಅವ್ರು ಬಂಡಲ್ ಬಿಚ್ಚಲ್ಲ ಕಣೆ, ನಿನ್ನನ್ನ ಬಿಚ್ತಾರೆ," ಎಂದ. ಅತ್ತಿಗೆ, ಬರೆಯಲಿ ಬಿಡ್ರೀ, ಮೂರು ದಿನದಿಂದ ಅನ್ನದ ಮುಂದೆ ಕೂತು ಏಳ್ತಾಳೆ ಎಂದಳು.

ಬರೆದಳು. ಒಂದೇ ಪುಟ. ಆರನೇ ಪ್ರಶ್ನೆಯ ಮಾದರಿ ಉತ್ತರದಲ್ಲಿ ಗಾಳಿಯ ಮೇಲೆ ಮಾಡಿದ ಕೆಲಸದ ಚಿಹ್ನೆ ತಪ್ಪಾಗಿದೆ. ಅದನ್ನು ಗಮನಿಸದೆ ಮೊದಲ ಮೂರು ದಿನ ಸುಮಾರು ಮೂವತ್ತು ಸರಿ ಉತ್ತರಗಳಿಗೆ ನಾನು ಅಂಕ ಕಡಿದಿದ್ದೇನೆ. ಒಂದು ಪತ್ರಿಕೆಯಾದರೂ ಇದರಿಂದಲೇ ಅನುತ್ತೀರ್ಣವಾಗಿದೆ. ದಯವಿಟ್ಟು ಬಂಡಲ್ ತೆರೆದು ತಿದ್ದಿಸಿ. ಕೆಳಗೆ ಸಹಿ, ದಿನಾಂಕ.

ವಿಚಾರಣೆ ಒಂದೂವರೆ ಗಂಟೆ ನಡೆಯಿತು. ಮೂವರು ಅಧಿಕಾರಿಗಳು, ಒಬ್ಬರಿಗೂ ಥರ್ಮೋಡೈನಮಿಕ್ಸ್ ಗೊತ್ತಿಲ್ಲ. ಒಬ್ಬರು ಕಟ್ಟಡ ವಿಭಾಗದವರು, ಒಬ್ಬರು ಲೆಕ್ಕಪತ್ರದವರು, ಮತ್ತೊಬ್ಬರು ಬರೇ ಅಧಿಕಾರಿ. ಆಕೆಯ ಪತ್ರವನ್ನು ಆಕೆಯ ಕೈಗೇ ಕೊಟ್ಟು ಓದಿಸಿದರು. ಎರಡನೆಯ ವಾಕ್ಯ ಓದಿದಾಗ ತಡೆದರು.

"ಗಮನಿಸದೆ ಅಂತ ನೀವೇ ಬರೆದಿದ್ದೀರಿ. ಅಂದ್ರೆ ಅಜಾಗರೂಕತೆ ಒಪ್ಪಿಕೊಂಡಿದ್ದೀರಿ."

"ಸ್ಕೀಮು ತಪ್ಪಿತ್ತು ಅಂತ ಮೊದಲನೇ ವಾಕ್ಯದಲ್ಲಿದೆ ಸರ್."

"ಸ್ಕೀಮಿನ ವಿಚಾರ ಈ ಸಮಿತಿ ಮುಂದೆ ಇಲ್ಲ."

ಚೀಫನ್ನು ಕರೆಸಿದರು. ಅವರು ಆಕೆಯ ಕಡೆ ನೋಡಲಿಲ್ಲ. ಎಂಬತ್ತಕ್ಕೂ ಅಂಕ ಕೊಡಿ ಎಂದು ನಾನು ಹಾಲಿನಲ್ಲಿ ಎಲ್ಲರಿಗೂ ಹೇಳಿದ್ದೆ ಎಂದರು. ಅದು ಸುಳ್ಳಲ್ಲ. ಯಾವ ದಿನ ಹೇಳಿದ್ದು ಎಂದು ಯಾರೂ ಕೇಳಲಿಲ್ಲ. ಆಕೆ ಹೇಳಲು ಹೋದಾಗ, ನಿಮ್ಮ ಸರದಿ ಮುಗಿಯಿತು ಎಂದರು.

ವರದಿ ಬಂತು. ಮಾದರಿ ಉತ್ತರದ ಬಗ್ಗೆ ಒಂದಕ್ಷರ ಇಲ್ಲ. ಮೌಲ್ಯಮಾಪಕಿ ತಾನೇ ಒಪ್ಪಿಕೊಂಡ ಅಜಾಗರೂಕತೆಗಾಗಿ ಐದು ವರ್ಷ ಮೌಲ್ಯಮಾಪನದಿಂದ ಹೊರಗೆ, ಸಂಭಾವನೆಗೆ ತಡೆ. ವಿದ್ಯಾರ್ಥಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಮಾತ್ರ ಮರುಮೌಲ್ಯಮಾಪನ. ಹದಿನೈದು ದಿನದ ಗಡುವು. ಮುಂದಿನ ಸೆಮಿಸ್ಟರಿನ ಅತಿಥಿಗಳ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಯಾರೂ ತೆಗೆದುಹಾಕಿದೆವು ಎನ್ನಲಿಲ್ಲ, ಬರೆಯಲಿಲ್ಲ ಅಷ್ಟೇ. ಚೀಫ್ ಗೌರವದಿಂದ ನಿವೃತ್ತರಾದರು, ಶಾಲು ಹೊದಿಸಿದರು.

ಆ ಹದಿನೈದು ದಿನ ಆಕೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉತ್ತರಪತ್ರಿಕೆಯ ಮೇಲೆ ಇರುವುದು ಗುಪ್ತ ಸಂಖ್ಯೆ. ಬರೆದವರು ಯಾರು, ಯಾವ ಕಾಲೇಜು, ತಿಳಿಯುವುದಿಲ್ಲ. ಹಾಗಾಗಿ ಸಿಕ್ಕ ಪಾಲಿಟೆಕ್ನಿಕ್ಕುಗಳ ಗೇಟಿಗೆಲ್ಲ ಹೋಗಿ ಕೈಬರಹದ ಚೀಟಿ ಅಂಟಿಸಿದಳು. ಆರನೇ ಪ್ರಶ್ನೆಗೆ ಎಂಬತ್ತು ಬರೆದು ಫೇಲಾದವರು ಅರ್ಜಿ ಹಾಕಿ, ಶುಲ್ಕ ನಾನು ಕೊಡುತ್ತೇನೆ. ಸಿಲಿಂಡರಿನ ಚಿತ್ರ ಬರೆದವರು ತಪ್ಪದೆ ಹಾಕಿ. ಒಂಬತ್ತು ಗೇಟು. ಐದು ಕಡೆ ಸಂಜೆಯೊಳಗೆ ಕಿತ್ತುಹಾಕಿದರು. ಒಂದು ಕಡೆ ಪ್ರಾಂಶುಪಾಲರೇ ಬಂದು, ನೀವೇ ಫೇಲ್ ಮಾಡಿ ನೀವೇ ಶುಲ್ಕ ಕಟ್ಟುತ್ತೀರಾ ಎಂದು ಕೇಳಿದರು. ಮೂವರು ವಿದ್ಯಾರ್ಥಿಗಳು ಬಂದರು. ಮೂವರಿಗೂ ಅಂಕ ಏರಿತು. ಆದರೆ ಮೂವರೂ ಬೇರೆ ಪ್ರಶ್ನೆಗಳಲ್ಲಿ ಮೊದಲೇ ಸೋತವರು, ಪಾಸಾಗಲು ಅಷ್ಟು ಸಾಲಲಿಲ್ಲ. ಬಾಣದ ಚಿತ್ರ ಬರೆದವರು ಬರಲಿಲ್ಲ. ಯಾಕೆ ಬರುತ್ತಾರೆ? ಮೂವತ್ತಾರು ಬಂದಿದೆ ಎಂದು ಮಂಡಳಿ ಹೇಳಿದರೆ ತನ್ನದೇ ದಡ್ಡತನ ಎಂದು ನಂಬಿಸಿಯೇ ತಾನೇ ನಾವು ಅವರನ್ನು ಬೆಳೆಸಿರುವುದು.

ಈಗ ಆಕೆ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಮೀಟರು ನೋಡಿ ಬರೆಯುವ ಕೆಲಸ ಮಾಡುತ್ತಾಳೆ. ಅಲ್ಲಿನ ಕಂಪ್ರೆಸರ್ ಅನಿಲವನ್ನು ಅದುಮಿ ಹೊರಗೆ ಬಿಡುವ ಪೈಪಿನ ಮೇಲೆ ಕೈ ಇಡಲಾಗದು, ಬೊಬ್ಬೆ ಬರುತ್ತದೆ. ಎಂಟನೇ ತರಗತಿ ದಾಟದ ಆಪರೇಟರಿಗೂ ಅದು ಗೊತ್ತು. ಇಷ್ಟು ಸಣ್ಣ ವಿಷಯವನ್ನು ಮೂವರು ಅಧಿಕಾರಿಗಳ ಸಮಿತಿ ತನ್ನ ಮುಂದೆ ಇಲ್ಲ ಎಂದಿತು.

ಆಕೆಯನ್ನು ಹುತಾತ್ಮಳನ್ನಾಗಿ ಮಾಡಲು ನಾನಿದನ್ನು ಬರೆಯುತ್ತಿಲ್ಲ. ಆಕೆ ತಪ್ಪು ಮಾಡಿದಳು, ಸುಸ್ತಿನಲ್ಲಿ, ಮೂವತ್ತೈದರ ಲೆಕ್ಕದಲ್ಲಿ. ಹದಿನಾಲ್ಕು ಜನರೂ ಮಾಡಿದರು. ಬರೆದುಕೊಟ್ಟವಳು ಒಬ್ಬಳು, ಹೊರಬಿದ್ದವಳೂ ಒಬ್ಬಳು. ಉಳಿದವರು ಈ ವರ್ಷವೂ ಅದೇ ಹಾಲಿನಲ್ಲಿ ಕೂತು ತಿದ್ದಿದ್ದಾರೆ. ಉತ್ತರಪತ್ರಿಕೆಗಳನ್ನು ನಾಲ್ಕು ವರ್ಷ ಇಟ್ಟು ರದ್ದಿಗೆ ಹಾಕುವುದು ಮಂಡಳಿಯ ನಿಯಮ. ಮೂರು ಕಳೆದಿದೆ. ಆ ಬಂಡಲ್‌ಗಳು ಇನ್ನೂ ಇವೆ, ಬಿಚ್ಚಲು ಇನ್ನೂ ಒಂದು ವರ್ಷವಿದೆ.

ನೀವು ಆ ಹದಿಮೂರರಲ್ಲಿ ಒಬ್ಬರಾಗಿದ್ದರೆ, ಅಥವಾ ಯಾವುದೇ ಹಾಲಿನಲ್ಲಿ ಕೂತು ಸ್ಕೀಮು ಸುಳ್ಳೆಂದು ಗೊತ್ತಾದ ಮೇಲೂ ಕೆಂಪು ಗೆರೆ ಎಳೆದವರಾಗಿದ್ದರೆ, ನಿಮ್ಮಿಂದ ಕಣ್ಣೀರು ಬೇಡ, ಚಂದಾ ಬೇಡ, ಗೇಟಿನಲ್ಲಿ ಘೋಷಣೆಯೂ ಬೇಡ. ಒಂದು ಹಾಳೆ ತೆಗೆದುಕೊಳ್ಳಿ. ಯಾವ ಪ್ರಶ್ನೆ, ಯಾವ ದಿನ, ಎಷ್ಟು ಪತ್ರಿಕೆ ಎಂದು ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ ಈ ವಾರವೇ ಮಂಡಳಿಗೆ ಕೊಡಿ. ಕೊಡುತ್ತೀರಾ, ಇಲ್ಲವಾ?